ಎರಡು ದಶಮಾಂಶದ ಸುಂದರಿಯರು

ದೀಪಿಕಾ ಪಡುಕೋಣೆಯ ಮುಖ ಶೇ. 91.22ರಷ್ಟು ಪರಿಪೂರ್ಣವಂತೆ. ಲಂಡನ್ನಿನ ಸೌಂದರ್ಯ ಶಸ್ತ್ರಚಿಕಿತ್ಸಕರೊಬ್ಬರು 2022ರಲ್ಲಿ ಮಾಡಿದ ಆ ಪಟ್ಟಿ ಈ ವಾರ ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಮತ್ತೆ ಬಂದು ಬಿತ್ತು. ‘ನಮ್ಮೂರ ಕಡೆ ಹೆಣ್ಣು ಜಗತ್ತಿಗೇ ಒಂಬತ್ತನೆಯವಳು’ ಎಂದು ಕುಂದಾಪುರದ ಭಾವ ಬೀಗಿದರು. ಮೊದಲ ಸ್ಥಾನದ ಜೋಡಿ ಕೋಮರ್‌ಗೆ 94.52, ಎರಡನೆಯ ಝೆಂಡಯಾಗೆ 94.37. ನಡುವಿನ ಅಂತರ 0.15!

ದಶಮಾಂಶ ಬಿಂದುವಿನ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. 18 ಸೆಂಟಿಮೀಟರ್ ಉದ್ದದ ಮುಖದಲ್ಲಿ ಶೇ. 0.15 ಎಂದರೆ ಕಾಲು ಮಿಲಿಮೀಟರ್ ಚಿಲ್ಲರೆ. ಹಣೆ ಎಲ್ಲಿ ಮುಗಿದು ಕೂದಲು ಎಲ್ಲಿ ಶುರುವಾಗುತ್ತದೆ ಎಂದು ಅಷ್ಟು ಕರಾರುವಾಕ್ಕಾಗಿ ಗೆರೆ ಎಳೆಯಬಲ್ಲವರು ಯಾರು? ಇನ್ನು ಆ ಶಸ್ತ್ರಚಿಕಿತ್ಸಕರು ಅಳತೆಗೋಲು ಮಾಡಿಕೊಂಡ ಗೋಲ್ಡನ್ ರೇಷಿಯೋ, ಅಂದರೆ 1.618. ಮುಖದ ಮೇಲೆ 20 ಚುಕ್ಕಿ ಇಡಿ. ಅವುಗಳ ನಡುವೆ 190 ಅಂತರಗಳು ಸಿಗುತ್ತವೆ. ಅಂತರಗಳನ್ನು ಎರಡೆರಡಾಗಿ ಜೋಡಿಸಿದರೆ 17,955 ಅನುಪಾತಗಳು. ಅಷ್ಟರಲ್ಲಿ ಕೆಲವಾದರೂ 1.618ರ ಹತ್ತಿರ ಬಾರದಿದ್ದರೇ ಆಶ್ಚರ್ಯ. ನನ್ನ ಮುಖದಲ್ಲೂ ಸಿಕ್ಕೀತು.

ಇದನ್ನು ಜನರ ಮುಂದಿಟ್ಟು ಪರೀಕ್ಷಿಸಿದವರೂ ಇದ್ದಾರೆ. 2010ರಲ್ಲಿ ಪ್ಯಾಲೆಟ್, ಲಿಂಕ್ ಮತ್ತು ಕಾಂಗ್ ಲೀ ಒಂದೇ ಮುಖದ ಕಣ್ಣು-ಬಾಯಿಗಳ ಅಂತರವನ್ನು ಹಿಗ್ಗಿಸಿ ಕುಗ್ಗಿಸಿ, ಯಾವುದು ಚೆನ್ನ ಎಂದು ಕೇಳಿದರು. ಕಣ್ಣಿಂದ ಬಾಯಿಗೆ ಮುಖದ ಉದ್ದದ ಶೇ. 36, ಕಣ್ಣಿಂದ ಕಣ್ಣಿಗೆ ಅಗಲದ ಶೇ. 46 ಇದ್ದಾಗ ಹೆಚ್ಚು ಮೆಚ್ಚುಗೆ ಸಿಕ್ಕಿತು. ಇದು ಹಳೆಯ ಚಿನ್ನದ ಅನುಪಾತವಲ್ಲ. ಸರಾಸರಿ ಮುಖದ ಅಳತೆ, ಅಷ್ಟೆ. ಅದೂ ಬಿಳಿಯ ಮಹಿಳೆಯರ ಫೋಟೊಗಳಲ್ಲಿ ಕಂಡದ್ದು. ಆದರೂ ಸಂಶೋಧಕರೇ ಪ್ರಬಂಧದ ಶೀರ್ಷಿಕೆಯಲ್ಲಿ ಅದನ್ನು ‘ಹೊಸ ಗೋಲ್ಡನ್ ರೇಷಿಯೋ’ ಎಂದು ಕರೆದರು, ಪತ್ರಿಕೆಗಳು ಕುಣಿದವು.

ನನಗೆ ಇದಕ್ಕಿಂತ ಹೆಚ್ಚು ಕಿರಿಕಿರಿ ಮಾಡುವುದು ‘ಸೌಂದರ್ಯದ ಬಗ್ಗೆ ಜನರಲ್ಲಿ 0.93ರಷ್ಟು ಒಮ್ಮತವಿದೆ’ ಎಂಬ ಬಗೆಯ ಮಾತು. ಆ ಅಂಕಿ ಹೇಗೆ ಹುಟ್ಟುತ್ತದೆ ನೋಡಿ. 30 ವಿದ್ಯಾರ್ಥಿಗಳಿಗೆ 40 ಫೋಟೊ ತೋರಿಸಿ, ಒಂದರಿಂದ ಏಳರವರೆಗೆ ಅಂಕ ಹಾಕಿಸಿದ್ದೀರಿ ಅನ್ನಿ. ಯಾವ ಇಬ್ಬರ ಅಂಕಗಳನ್ನು ಹೋಲಿಸಿದರೂ ಹೊಂದಾಣಿಕೆ ಸುಮಾರು 0.3, ಅಂದರೆ ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಹಿಡಿಸುವುದು ಅಷ್ಟಕ್ಕಷ್ಟೆ. ಆದರೆ ಮೂವತ್ತೂ ಜನರ ಸರಾಸರಿ ತೆಗೆದಾಗ ಅವರವರ ಸ್ವಂತ ರುಚಿ ಒಂದಕ್ಕೊಂದು ವಜಾ ಆಗಿ ಅಳಿಸಿಹೋಗುತ್ತದೆ. ಸ್ಪಿಯರ್‌ಮನ್-ಬ್ರೌನ್ ಸೂತ್ರಕ್ಕೆ ಹಾಕಿದರೆ ಅದೇ 0.3 ಈಗ 0.93! ಸರಾಸರಿ ಎಷ್ಟು ಸ್ಥಿರ ಎಂದು ಹೇಳುವ ಅಂಕಿಯನ್ನು ಒಮ್ಮತ ಎಂದು ಮಾರುವುದು ಸಂಖ್ಯಾಶಾಸ್ತ್ರವಲ್ಲ, ಕಣ್ಕಟ್ಟು. ಎಲ್ಲರ ಪಾಲಿನ ರುಚಿ ಎಷ್ಟು, ಒಬ್ಬೊಬ್ಬರ ಸ್ವಂತದ್ದೆಷ್ಟು ಎಂದು 2006ರಲ್ಲಿ ಹೋನೆಕೋಪ್ ಬೇರ್ಪಡಿಸಿ ಅಳೆದರು. ಎರಡೂ ಹೆಚ್ಚುಕಡಿಮೆ ಸಮ ಸಮ.

ಆ ಅಂಕಗಳಾದರೂ ಶುದ್ಧವೇ? ಹಿಂದಿನ ಫೋಟೊ ಹಿಡಿಸಿದ್ದರೆ ಮುಂದಿನದಕ್ಕೂ ‘ಚೆನ್ನ’ ಎನ್ನುವ ವಾಲಿಕೆ ಜನರಲ್ಲಿದೆ ಎಂದು ಟಾಬರ್ಟ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಎಲ್ಲರಿಗೂ ಒಂದೇ ಕ್ರಮದಲ್ಲಿ ಫೋಟೊ ತೋರಿಸಿದರೆ ಅಳತೆಗೆ ಸಿಗುವುದು ಮುಖವೊಂದೇ ಅಲ್ಲ, ಸಾಲಿನಲ್ಲಿ ಅದರ ಸ್ಥಾನವೂ. ಅಂಕ ಹಾಕುವವರನ್ನು ಐನೂರಕ್ಕೆ ಏರಿಸಿದರೂ ಮುಖಗಳು ನಲವತ್ತೇ. ಅನುಪಾತಕ್ಕೂ ಅಂದಕ್ಕೂ 0.3ರ ಸಂಬಂಧ ಕಂಡಿತು ಎಂದರೆ, 40 ಮುಖಗಳ ಲೆಕ್ಕದಲ್ಲಿ ನಿಜವಾದ ಬೆಲೆ ಸೊನ್ನೆಯೂ ಆಗಿರಬಹುದು, 0.56ರವರೆಗೂ ಹೋಗಬಹುದು.

ಇಂಥ ಬುನಾದಿಯ ಮೇಲೆ ಕಟ್ಟಿದ್ದಕ್ಕೆ ಏನಾಗುತ್ತದೆಂದು ಮುಖದ ಅಗಲ-ಎತ್ತರದ ಅನುಪಾತವೇ ಹೇಳುತ್ತದೆ. ಅಗಲ ಮುಖದವರು ಮುಂಗೋಪಿಗಳು ಎಂದು 2008ರಲ್ಲಿ ಕೆನಡಾದ ಹಾಕಿ ಆಟಗಾರರನ್ನು ನೋಡಿ ಹೇಳಿದ್ದರು. 2017ರಲ್ಲಿ ಕೊಸಿನ್‌ಸ್ಕಿ 1,37,163 ಜನರ ಮುಖಗಳನ್ನು ಅಳೆದು, ಅವರೇ ಹೇಳಿಕೊಂಡ ಸ್ವಭಾವದ ಜೊತೆ ತಾಳೆ ನೋಡಿದರು. ಹೇಳಿಕೊಳ್ಳುವಂಥ ಸಂಬಂಧವೇ ಇರಲಿಲ್ಲ.

ಆದರೂ ಮದುವೆ ಗೊತ್ತಾಗಿರುವ ನನ್ನ ಅಕ್ಕನ ಮಗಳು ಮೊನ್ನೆ ಒಂದು ಕ್ಲಿನಿಕ್ಕಿಗೆ ಸೆಲ್ಫಿ ಕಳಿಸಿದಳು. ಗೋಲ್ಡನ್ ರೇಷಿಯೋ ಪ್ರಕಾರ ಮೂಗು ಅಗಲ ಎಂದು ವರದಿ ಬಂತು, ಜೊತೆಗೆ ದರಪಟ್ಟಿ. ಫೋಟೊ ಎಷ್ಟು ದೂರದಿಂದ ತೆಗೆದದ್ದು ಎಂದು ಯಾರೂ ಕೇಳಲಿಲ್ಲ. ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30 ಅಗಲವಾಗಿ ಕಾಣುತ್ತದೆ, ಐದು ಅಡಿಯಲ್ಲಿ ಸರಿಹೋಗುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರೇ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ‘ಫೋನನ್ನು ಅಮ್ಮನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲು ಪುಟ್ಟಿ’ ಎಂದೆ. ಶಸ್ತ್ರಚಿಕಿತ್ಸೆ ಮುಗಿಯಿತು, ಫೀಸೂ ಇಲ್ಲ.