ಬುರ್ಖಾದ ಹೊಗಳಿಕೆ ಸಾಕು, ಅಳತೆ ಬರೆಯಿರಿ

ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಬುರ್ಖಾ ಮಾರುವ ಸಹೋದರಿಯರು ಈಗ ನಮ್ಮ ಊರೂರಲ್ಲೂ ಇದ್ದಾರೆ. ಮನೆಯಲ್ಲೇ ಕೂತು ನಾಲ್ಕು ಕಾಸು ಸಂಪಾದಿಸುವುದು ಒಳ್ಳೆಯದೇ. ಆದರೆ ಫೋಟೊದ ಕೆಳಗೆ ಬರೆಯುವುದು ಹೆಚ್ಚಾಗಿ ಒಂದೇ ಸಾಲು: ‘ಸೂಪರ್ ಕ್ವಾಲಿಟಿ ದುಬೈ ಬುರ್ಖಾ, ನೋ ರಿಟರ್ನ್’.

ಇದರಿಂದ ಕೊಳ್ಳುವವರಿಗೆ ಏನು ತಿಳೀತದೆ? 56 ಸೈಜ್ ಅಂದರೆ ಭುಜದಿಂದ ಕೆಳಗಿನ ಅಂಚಿನವರೆಗೆ 56 ಇಂಚು ಉದ್ದ, ಅಷ್ಟೆ. ಎದೆಯ ಸುತ್ತಳತೆ ಅದರಲ್ಲಿ ಇಲ್ಲ. ಉದ್ದ ಸರಿಯಾಗಿ ಎದೆ ಬಿಗಿಯಾದರೆ ಬುರ್ಖಾ ವಾಪಸ್ ಬರ್ತದೆ, ಜೊತೆಗೆ ಜಗಳವೂ. ಬುರ್ಖಾವನ್ನು ನೆಲದಲ್ಲಿ ಹರಡಿ ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪ್ ಹಿಡಿಯಿರಿ. 22 ಇಂಚು ಬಂದರೆ ಸುತ್ತಳತೆ 44. ಒಳಗಿನ ಚೂಡಿದಾರ್, ಓಡಾಟಕ್ಕೆ ನಾಲ್ಕು ಇಂಚು ಸಡಿಲ ಬಿಟ್ಟರೆ 40ರ ಎದೆಯವರಿಗೆ ಸರಿ. ಈ ಲೆಕ್ಕವನ್ನೇ ಬರೆದುಬಿಡಿ.

ಆ ಒಂದು ಸಾಲಿನ ಜಾಗದಲ್ಲಿ ಹೀಗೆ ಬರೆಯಬಹುದು: ‘ಕಪ್ಪು ನಿದಾ ಬಟ್ಟೆ, ಪಾಲಿಯೆಸ್ಟರ್. ಉದ್ದ 56, ಎದೆ ಸುತ್ತಳತೆ 44, ಭುಜದಿಂದ ತೋಳು 23 ಇಂಚು. ನಿಮ್ಮ ಹಳೇ ಬುರ್ಖಾ ಅಳೆದು ಹೋಲಿಸಿ. ಮುಂದೆ ಜಿಪ್ ಇದೆ, ಮಗುವಿಗೆ ಹಾಲು ಕೊಡುವ ತಾಯಂದಿರಿಗೆ ಅನುಕೂಲ. ಸುಕ್ಕು ಕಡಿಮೆ, ಪ್ರಯಾಣಕ್ಕೆ ಒಳ್ಳೆಯದು. ಕಡು ಬೇಸಿಗೆಯಲ್ಲಿ ಸ್ವಲ್ಪ ಸೆಕೆ ಆಗ್ತದೆ. ತೋಳಿನ ಕಲ್ಲುಗಳು ಅಂಟಿಸಿದ್ದು, ಮೆಷಿನ್‌ಗೆ ಹಾಕಬೇಡಿ. ಶಾಲು ಜೊತೆಗೆ ಇಲ್ಲ.’

ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಕೊಳ್ಳುವ ಮನಸ್ಸಾಗ್ತದೆ. ಯಾಕಂದ್ರೆ ಜಿಪ್ ಇದೆ ಎಂದು ಹೇಳಿ ಸುಮ್ಮನಾಗದೆ, ಅದು ಯಾರಿಗೆ ಉಪಯೋಗ ಅಂತಲೂ ಹೇಳಿದೆ. ಸೆಕೆಯ ಮಾತನ್ನು ಮುಚ್ಚಿಡದ್ದರಿಂದ ಉಳಿದ ಮಾತಿನ ಮೇಲೂ ನಂಬಿಕೆ ಬರ್ತದೆ. ಬಟ್ಟೆ ದುಬೈಯಿಂದ ಬಂದದ್ದಲ್ಲದಿದ್ದರೆ ‘ದುಬೈ’ ಎಂಬ ಪದವೇ ಬೇಡ. ‘ದುಬೈ ಮಾದರಿಯ ಹೊಲಿಗೆ, ಮಂಗಳೂರಲ್ಲಿ ಹೊಲಿಸಿದ್ದು’ ಎಂದರೆ ಸತ್ಯವೂ ಆಯ್ತು, ಬೇಕಾದಂತೆ ಉದ್ದ ಸರಿಮಾಡಿ ಕೊಡಬಹುದು ಎಂಬುದೂ ತಿಳಿಯಿತು.

‘ನೋ ರಿಟರ್ನ್’ ಎಂದು ಬರೆದರೆ ಪಾರಾದೆವು ಅಂದುಕೊಳ್ಳುವವರಿದ್ದಾರೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮದ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನು ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಹಾಗಾಗಿ ನಾವು ಬರೆದ ಪ್ರತಿಯೊಂದು ಪದಕ್ಕೂ ನಾವೇ ಹೊಣೆ.

ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದ ಪ್ರವಾದಿ(ಸ)ಯವರಿಗೆ ಅಡಿಯಲ್ಲಿ ಒದ್ದೆ ಸಿಕ್ಕಿದ್ದು, ಅದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ್ದು ನಮಗೆಲ್ಲ ಗೊತ್ತಿರುವ ಹದೀಸ್. ಫೋನಿನಲ್ಲಿ ಕೊಳ್ಳುವವರು ರಾಶಿಯೊಳಗೆ ಕೈಹಾಕಲಾರರು. ಒದ್ದೆ ಎಲ್ಲಿದೆ ಎಂದು ಬರೆದು ತಿಳಿಸಬೇಕಾದವರು ಮಾರುವವರೇ.