ಕಾಲ್ ಕಟ್ ಆಗಿಲ್ಲ, ಆದರೂ ನಿಮ್ಮ ದನಿ ಅವರಿಗೆ ಕೇಳುತ್ತಿಲ್ಲ

ವಿಡಿಯೋ ಕಾಲ್ ನಡೆಯುತ್ತಿದೆ. ಆ ಕಡೆಯವರ ಮುಖ ಕಾಣುತ್ತಿದೆ, ಅವರ ಮಾತೂ ಸ್ಪಷ್ಟವಾಗಿ ಕೇಳುತ್ತಿದೆ, ಪರದೆಯ ಮೇಲೆ ನಿಮಿಷ ಸೆಕೆಂಡುಗಳು ಓಡುತ್ತಲೇ ಇವೆ. ಅವರು ಮಾತ್ರ "ಹಲೋ, ನಿಮ್ಮ ಮಾತು ಕೇಳಿಸ್ತಿಲ್ಲ" ಅನ್ನುತ್ತಿದ್ದಾರೆ. ನಾವು ಮೊದಲು ದೂರುವುದು ನೆಟ್‌ವರ್ಕನ್ನು. ಆದರೆ ನೆಟ್‌ವರ್ಕ್ ಕೆಟ್ಟಾಗ ಮಾತು ತುಂಡು ತುಂಡಾಗುತ್ತದೆ, ಚಿತ್ರ ನಿಂತು ನಿಂತು ಚಲಿಸುತ್ತದೆ, ಸಾಮಾನ್ಯವಾಗಿ ಎರಡೂ ಕಡೆಗೆ ತೊಂದರೆಯಾಗುತ್ತದೆ. ಒಂದೇ ಕಡೆಯ ದನಿ, ಅದೂ ಒಂದು ಕ್ಷಣದಿಂದ ಇನ್ನೊಂದು ಕ್ಷಣಕ್ಕೆ ಪೂರ್ತಿಯಾಗಿ ಇಲ್ಲವಾಯಿತು ಎಂದರೆ ಅನುಮಾನವನ್ನು ನಿಮ್ಮ ಫೋನಿನ ಒಳಕ್ಕೇ ತಿರುಗಿಸಬೇಕು. ಮ್ಯೂಟ್ ಬಟನ್ ಒತ್ತಿಹೋಗಿದೆಯೇ ಎಂದು ನೋಡಿ. ಒತ್ತಿಲ್ಲವಾದರೆ, ನಿಮ್ಮ ಮೈಕ್ ಈಗ ಬೇರೊಂದು ಆಪ್‌ನ ಪಾಲಾಗಿರುವ ಸಾಧ್ಯತೆ ದೊಡ್ಡದು.

ಯಾವ ಆಪ್ ಕೂಡ ಮೈಕನ್ನು ನೇರವಾಗಿ ಮುಟ್ಟುವುದಿಲ್ಲ. ಮೈಕ್ ಹಿಡಿದ ಸದ್ದು ಮೊದಲು ಫೋನಿನ ಆಪರೇಟಿಂಗ್ ಸಿಸ್ಟಂನ ಕೈಗೆ ಬರುತ್ತದೆ. ಕಾಲ್ ಆಪ್, ರೆಕಾರ್ಡರ್, ಮಾತಾಡಿ ಟೈಪ್ ಮಾಡುವ ಕೀಬೋರ್ಡ್, ಎಲ್ಲವೂ ಅದರ ಬಳಿ ಕೇಳಿ ಪಡೆಯಬೇಕು. ಒಂದೇ ಹೊತ್ತಿನಲ್ಲಿ ಇಬ್ಬರು ಕೇಳಿದರೆ ಯಾರಿಗೆ ಕೊಡಬೇಕು ಎಂಬುದಕ್ಕೆ ಆಂಡ್ರಾಯ್ಡ್‌ನಲ್ಲಿ ಬಹುಕಾಲ ಇದ್ದದ್ದು ಸರಳ ಕಟ್ಟಳೆ: ಮೊದಲು ಬಂದವರಿಗೆ ಮೈಕ್. ಆಂಡ್ರಾಯ್ಡ್ 9ರವರೆಗಿನ ಫೋನುಗಳಲ್ಲಿ ರೆಕಾರ್ಡರ್ ಆಗಲೇ ಓಡುತ್ತಿದ್ದರೆ, ಆಮೇಲೆ ಮೈಕ್ ಕೇಳಿದ ಆಪ್‌ಗೆ ಸಿಗುತ್ತಿದ್ದದ್ದು ದೋಷದ ಉತ್ತರವೊಂದೇ. ಕಾಲ್ ಜೋಡಣೆಯಾಗುತ್ತಿತ್ತು, ದನಿ ಹೋಗುತ್ತಿರಲಿಲ್ಲ.

2019ರಲ್ಲಿ ಬಂದ ಆಂಡ್ರಾಯ್ಡ್ 10 ಈ ಕಟ್ಟಳೆಯನ್ನು ಬದಲಿಸಿತು. ಈಗ ಇಬ್ಬರೂ ಮೈಕ್ ಕೇಳಬಹುದು, ಯಾರಿಗೂ ದೋಷದ ಉತ್ತರ ಬರುವುದಿಲ್ಲ. ಆದರೆ ನಿಜವಾದ ದನಿ ಸಿಗುವುದು ಸಾಮಾನ್ಯವಾಗಿ ಒಬ್ಬರಿಗೆ. ಇನ್ನೊಬ್ಬರಿಗೆ ಸಿಸ್ಟಂ ಮೌನವನ್ನು ಕೊಡುತ್ತದೆ. ಇಲ್ಲಿ ಮೌನ ಎಂದರೆ ಸೋಲಿನ ಸೂಚನೆಯಲ್ಲ, ನಿಜವಾದ ದತ್ತಾಂಶವೇ. ಮಾತಿನ ದನಿಯನ್ನು ಫೋನು ಸೆಕೆಂಡಿಗೆ 16,000 ಅಥವಾ 48,000 ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಮೈಕ್ ತಪ್ಪಿದ ಆಪ್‌ಗೂ ಅಷ್ಟೇ ಅಂಕಿಗಳು ಅಷ್ಟೇ ವೇಗದಲ್ಲಿ ಬರುತ್ತಿರುತ್ತವೆ, ಎಲ್ಲವೂ ಸೊನ್ನೆ. ಲಕೋಟೆಗಳು ಹೊತ್ತಿಗೆ ಸರಿಯಾಗಿ ಅಂಚೆಗೆ ಬೀಳುತ್ತಿವೆ, ಒಳಗಿನ ಹಾಳೆ ಮಾತ್ರ ಖಾಲಿ. ಆಪ್ ಈ ಸೊನ್ನೆಗಳನ್ನೇ ಆ ಕಡೆಗೆ ಕಳಿಸುತ್ತದೆ. ಸಂಪರ್ಕ ಗಟ್ಟಿಯಾಗಿದೆ, ಸಮಯ ಓಡುತ್ತಿದೆ, ಎಚ್ಚರಿಕೆಯ ಗುರುತು ಎಲ್ಲೂ ಇಲ್ಲ.

ಹೀಗೇಕೆ ಮಾಡಿದರು? ದೋಷ ಕೊಟ್ಟರೆ ಆಪ್ ರೆಕಾರ್ಡಿಂಗನ್ನೇ ನಿಲ್ಲಿಸಿಬಿಡಬಹುದು, ಮುಚ್ಚಿಹೋಗಲೂಬಹುದು. ಸೊನ್ನೆ ಕೊಟ್ಟರೆ ಅದು ತನ್ನ ಪಾಡಿಗೆ ಓಡುತ್ತಿರುತ್ತದೆ, ಮೈಕ್ ಬಿಡುವಾದ ಕೂಡಲೇ ದನಿ ತಾನಾಗಿ ಮರಳುತ್ತದೆ. ಇನ್ನೊಂದು ಕಾರಣ ಖಾಸಗಿತನ. ನೀವು ಕಾಲ್‌ನಲ್ಲಿರುವಾಗ ಹಿಂದೆ ಅಡಗಿರುವ ಯಾವುದೋ ಆಪ್ ನಿಮ್ಮ ಮಾತನ್ನು ಕದ್ದು ಕೇಳಬಾರದು. ಎರಡೂ ಒಳ್ಳೆಯ ಕಾರಣಗಳೇ ಎಂದು ನಾನು ಒಪ್ಪುತ್ತೇನೆ. ಬಳಸುವವರಿಗೆ ತಿಳಿಸದೇ ಮಾಡುವುದನ್ನು ಒಪ್ಪುವುದು ಮಾತ್ರ ಕಷ್ಟ.

ಯಾರಿಗೆ ಮೈಕ್ ಎಂಬುದರಲ್ಲಿ ಒಂದು ಶ್ರೇಣಿಯಿದೆ. ಸಿಮ್‌ನಿಂದ ಬರುವ ಮಾಮೂಲಿ ಫೋನ್ ಕಾಲ್ ಎಲ್ಲಕ್ಕಿಂತ ಮೇಲೆ. ಅನೇಕ ಫೋನುಗಳಲ್ಲಿ ಆ ಕಾಲ್‌ನ ದನಿ ಆಪ್‌ಗಳಿರುವ ದಾರಿಗೇ ಬಾರದೆ, ಮೈಕ್‌ನಿಂದ ನೇರವಾಗಿ ಮೋಡೆಮ್‌ಗೆ ಹೋಗುತ್ತದೆ, ಅಲ್ಲಿ ಪೈಪೋಟಿಯ ಪ್ರಶ್ನೆಯೇ ಇಲ್ಲ. ಅದರ ಕೆಳಗೆ ಇಂಟರ್‌ನೆಟ್ ಮೂಲಕ ನಡೆಯುವ ಆಪ್ ಕಾಲ್. ಎರಡು ಕಾಲ್ ಆಪ್‌ಗಳು ಒಟ್ಟಿಗೆ ತೆರೆದಿದ್ದರೆ ಸಾಮಾನ್ಯವಾಗಿ ಕೊನೆಗೆ ಶುರುವಾದದ್ದು ಗೆಲ್ಲುತ್ತದೆ. ಎಲ್ಲಕ್ಕಿಂತ ಕೆಳಗೆ ರೆಕಾರ್ಡರ್‌ನಂಥವು. ಅವುಗಳ ನಡುವೆಯೇ ಜಗಳವಾದರೆ ಪರದೆಯ ಮೇಲೆ ತೆರೆದಿರುವ ಆಪ್‌ಗೆ ಮೈಕ್.

ಒಂದು ಉದಾಹರಣೆ ಹಿಡಿದು ನೋಡೋಣ. ಶಿವಮೊಗ್ಗದ ಒಬ್ಬ ಹುಡುಗಿ ಧಾರವಾಡದ ಗುರುಗಳಲ್ಲಿ ವಿಡಿಯೋ ಕಾಲ್ ಮೂಲಕ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಪಾಠದ ನಡುವೆ ಕೊರಿಯರ್‌ನವರ ಫೋನ್ ಬರುತ್ತದೆ. "ಗುರುಗಳೇ, ಒಂದು ನಿಮಿಷ" ಎಂದು ಹೇಳಿ ಅದನ್ನು ಎತ್ತುತ್ತಾಳೆ. ಆ ಕ್ಷಣ ಮೈಕ್ ಸಿಮ್ ಕಾಲ್‌ಗೆ ಹೋಯಿತು. ಪಾಠದ ಆಪ್ ಶಿಸ್ತಿನದಾಗಿದ್ದರೆ ತನ್ನ ಕಾಲನ್ನು ಹೋಲ್ಡ್‌ನಲ್ಲಿ ಇಡುತ್ತದೆ, ಇಲ್ಲವಾದರೆ ಸೊನ್ನೆಗಳನ್ನು ಕಳಿಸುತ್ತಾ ಕೂರುತ್ತದೆ. ಕೊರಿಯರ್‌ನವರಿಗೆ ಮನೆಯ ಗುರುತು ಹೇಳಿ ಕಟ್ ಮಾಡಿದಳು, ಮೈಕ್ ಬಿಡುವಾಯಿತು. ಪಾಠದ ಪರದೆಗೆ ಮರಳಿ ಆಲಾಪ ಮುಂದುವರಿಸಿದರೆ ಗುರುಗಳು "ಕೇಳಿಸ್ತಿಲ್ಲಮ್ಮಾ" ಅನ್ನುತ್ತಾರೆ.

ಮೈಕ್ ಬಿಡುವಾದರೂ ದನಿ ಮರಳದೆ ಇರುವುದಕ್ಕೆ ಇಲ್ಲಿ ಎರಡು ಕಾರಣಗಳಿರಬಹುದು. ಕಾಲ್ ಇನ್ನೂ ಹೋಲ್ಡ್‌ನಲ್ಲೇ ಇದೆ, ಅದನ್ನು ತೆಗೆಯುವ ಬಟನ್ ಒತ್ತಿಲ್ಲ. ಇಲ್ಲವೇ, ಸಿಮ್ ಕಾಲ್ ಬಂದಾಗ ಆಪ್ ತಾನೇ ಮೈಕನ್ನು ಬಿಟ್ಟುಕೊಟ್ಟಿತ್ತು, ಮತ್ತೆ ಕೇಳಿ ಪಡೆಯುವ ಕೆಲಸ ಅದರ ಒಳಗಿನ ಪ್ರೋಗ್ರಾಂನಲ್ಲಿ ಸರಿಯಾಗಿ ನಡೆದಿಲ್ಲ. ಐಫೋನ್‌ನಲ್ಲಿ ಈ ಎರಡನೆಯದು ಇನ್ನೂ ಸ್ಪಷ್ಟ. ಅಲ್ಲಿ ಫೋನ್ ಕಾಲ್ ಬಂದಾಗ ಬೇರೆ ಆಪ್‌ಗಳಿಗೆ ಅಡಚಣೆ ಶುರುವಾಯಿತು ಎಂಬ ಸೂಚನೆ ಹೋಗುತ್ತದೆ, ಮುಗಿದಾಗ ಮುಗಿಯಿತು ಎಂಬ ಸೂಚನೆ. ಎರಡನೆಯ ಸೂಚನೆ ಬಂದ ಮೇಲೆ ಧ್ವನಿಯನ್ನು ಮತ್ತೆ ಚಾಲೂ ಮಾಡಿಕೊಳ್ಳುವುದು ಆಪ್‌ನ ಹೊಣೆ.

ಹಾಗಾಗಿ ಅವಳು ಮೊದಲು ಹೋಲ್ಡ್ ನೋಡಬೇಕು. ಆಮೇಲೆ ಒಮ್ಮೆ ಮ್ಯೂಟ್ ಮಾಡಿ ತೆಗೆಯಬೇಕು, ಕೆಲವು ಆಪ್‌ಗಳು ಆಗ ಮೈಕನ್ನು ಹೊಸದಾಗಿ ಕೇಳುತ್ತವೆ. ಅದಕ್ಕೂ ಬಗ್ಗದಿದ್ದರೆ ಕಾಲ್ ಕಟ್ ಮಾಡಿ ಮತ್ತೆ ಮಾಡುವುದೇ ದಾರಿ. ಹೊಸ ಕಾಲ್ ಎಂದರೆ ಮೈಕ್‌ಗೆ ಹೊಸ ಬೇಡಿಕೆ, ಹಳೆಯ ಸಿಕ್ಕು ಅಲ್ಲಿಗೆ ಬರುವುದಿಲ್ಲ. ಹೀಗೆಂದು ಗೊತ್ತಿದ್ದರೆ ಹತ್ತು ನಿಮಿಷ "ಈಗ ಕೇಳ್ತಾ? ಈಗ?" ಎನ್ನುತ್ತಾ ಕಳೆಯಬೇಕಿಲ್ಲ.

ಮೈಕ್ ಈಗ ಯಾರ ಬಳಿ ಇದೆ ಎಂದು ನೋಡುವ ದಾರಿ 2020ರ ನಂತರ ಸುಲಭವಾಗಿದೆ. ಐಒಎಸ್ 14ರಿಂದ ಐಫೋನ್‌ನಲ್ಲಿ ಮೈಕ್ ಬಳಕೆಯಲ್ಲಿದ್ದಾಗ ಪರದೆಯ ಮೇಲ್ಭಾಗದಲ್ಲಿ ಕಿತ್ತಳೆ ಚುಕ್ಕಿ ಕಾಣುತ್ತದೆ, ಕಂಟ್ರೋಲ್ ಸೆಂಟರ್ ಎಳೆದರೆ ಆಪ್‌ನ ಹೆಸರೂ ಸಿಗುತ್ತದೆ. ಆಂಡ್ರಾಯ್ಡ್ 12ರಿಂದ ಮೇಲಿನ ಮೂಲೆಯಲ್ಲಿ ಹಸಿರು ಗುರುತು. ಮೇಲಿನಿಂದ ಪರದೆ ಎಳೆದು ಅದನ್ನು ಒತ್ತಿದರೆ ಮೈಕ್ ಬಳಸುತ್ತಿರುವ ಆಪ್ ಯಾವುದೆಂದು ಹೇಳುತ್ತದೆ. ನೀವು ಮುಚ್ಚಲು ಮರೆತ ಇನ್ನೊಂದು ಮೀಟಿಂಗ್‌ನ ಹೆಸರು ಅಲ್ಲಿ ಕಂಡರೆ ಅದನ್ನು ಪೂರ್ತಿಯಾಗಿ ಬಿಟ್ಟು ಬನ್ನಿ. ಆಂಡ್ರಾಯ್ಡ್ 12ರಲ್ಲೇ ಎಲ್ಲ ಆಪ್‌ಗಳಿಗೂ ಒಟ್ಟಿಗೆ ಮೈಕ್ ಮುಚ್ಚುವ ಒಂದು ಸ್ವಿಚ್ ಕೂಡ ಬಂದಿದೆ. ಮಕ್ಕಳ ಬೆರಳು ತಾಗಿ ಅದು ಬದಲಾಗಿದ್ದರೂ ಆಪ್‌ಗೆ ಸಿಗುವುದು ಇದೇ ಸೊನ್ನೆಗಳ ಮೌನ, ಆದ್ದರಿಂದ ಅದನ್ನೂ ಒಮ್ಮೆ ನೋಡಿ.

ಇನ್ನೊಂದು ಪರೀಕ್ಷೆ ಆ ಕಡೆಯವರ ಕಿವಿಯಲ್ಲಿದೆ. ಮೈಕ್ ನಿಮ್ಮದೇ ಆಗಿದ್ದು ದನಿ ಸಣ್ಣದಾಗಿದ್ದರೆ, ಕವರ್ ಅಡ್ಡ ಬಂದಿದ್ದರೆ ಅಥವಾ ತೂತಿನಲ್ಲಿ ದೂಳು ತುಂಬಿದ್ದರೆ, ದೂರದಿಂದ ಬಂದಂತೆ ಏನೋ ಒಂದು ಕೇಳುತ್ತಿರುತ್ತದೆ. ಸೊನ್ನೆಗಳಾದರೆ ಏನೂ ಇಲ್ಲ. ಫ್ಯಾನಿನ ಸದ್ದು ಕೇಳುತ್ತಿದೆಯೇ ಎಂದು ಕೇಳಿ ತೀರ್ಮಾನಿಸಬೇಡಿ, ಇಂದಿನ ಆಪ್‌ಗಳು ಆ ಬಗೆಯ ಸದ್ದನ್ನು ತಾವಾಗಿಯೇ ತೆಗೆದುಹಾಕುತ್ತವೆ. ಫೋನಿನ ತಳಭಾಗದ ಮೈಕ್ ತೂತಿನ ಪಕ್ಕ ಉಗುರಿನಿಂದ ಕೆರೆಯಿರಿ ಅಥವಾ ಜೋರಾಗಿ ಚಪ್ಪಾಳೆ ತಟ್ಟಿ. ಅದೂ ತಲುಪದಿದ್ದರೆ ತೂತು ಚೊಕ್ಕಟ ಮಾಡುವ ಮೊದಲು ಮೈಕ್ ಯಾರ ಕೈಯಲ್ಲಿದೆ ಎಂದು ನೋಡಿ.

ಅದೇ ಹುಡುಗಿ ಪಾಠವನ್ನು ಮುದ್ರಿಸಿಕೊಳ್ಳಲು ಅದೇ ಫೋನಿನ ರೆಕಾರ್ಡರ್ ಚಾಲೂ ಮಾಡಿದಳು ಎನ್ನಿ. ಹಳೆಯ ಫೋನಾಗಿ, ರೆಕಾರ್ಡರ್ ಮೊದಲೇ ಓಡುತ್ತಿದ್ದರೆ ಗುರುಗಳಿಗೆ ಅವಳ ದನಿ ಹೋಗದು. ಹೊಸ ಫೋನಾದರೆ ಕಾಲ್ ಗೆಲ್ಲುತ್ತದೆ, ಪಾಠ ಚೆನ್ನಾಗಿ ನಡೆಯುತ್ತದೆ, ಆದರೆ ಸಂಜೆ ಅಭ್ಯಾಸಕ್ಕೆ ಕೂತು ಫೈಲ್ ತೆರೆದರೆ ಉದ್ದಕ್ಕೂ ಮೌನ. ಪರದೆಯನ್ನು ಮುದ್ರಿಸುವ ಸೌಲಭ್ಯವೂ ಇಲ್ಲಿ ನೆರವಿಗೆ ಬಾರದು. ಸಾಮಾನ್ಯ ಆಪ್‌ಗಳು ಹಾಡು ಮತ್ತು ಆಟಗಳ ಸದ್ದನ್ನು ಹಿಡಿಯಲು ಆಂಡ್ರಾಯ್ಡ್ ಬಿಡುತ್ತದೆ, ಕಾಲ್‌ನ ದನಿಯನ್ನು ಬಿಡುವುದಿಲ್ಲ. ಗುರುಗಳ ಒಪ್ಪಿಗೆ ಪಡೆದು, ಫೋನನ್ನು ಸ್ಪೀಕರ್‌ನಲ್ಲಿಟ್ಟು, ಪಕ್ಕದಲ್ಲಿ ಮನೆಯ ಇನ್ನೊಂದು ಫೋನಿನಲ್ಲಿ ಮುದ್ರಿಸಿಕೊಳ್ಳುವುದೇ ನಂಬಬಹುದಾದ ದಾರಿ.

ವಿಂಡೋಸ್ ಕಂಪ್ಯೂಟರಿನ ನಡೆ ಬೇರೆ. ಅಲ್ಲಿ ಮಾಮೂಲಿಯಾಗಿ ಹಲವು ಪ್ರೋಗ್ರಾಂಗಳು ಒಂದೇ ಮೈಕನ್ನು ಹಂಚಿಕೊಳ್ಳುತ್ತವೆ, ಎಲ್ಲಕ್ಕೂ ನಿಜವಾದ ದನಿಯೇ ಸಿಗುತ್ತದೆ. ಆದರೆ ಸಂಗೀತ ಮುದ್ರಣದಂಥ ಕೆಲವು ಪ್ರೋಗ್ರಾಂಗಳು ಮೈಕನ್ನು ತಮಗೊಬ್ಬರಿಗೇ ಎಂದು ಹಿಡಿಯಬಹುದು, ಆಗ ಮೀಟಿಂಗ್‌ಗೆ ದನಿ ಇಲ್ಲ. ಇದನ್ನು ತಡೆಯಲು ಸ್ಟಾರ್ಟ್ ಮೆನುವಿನಲ್ಲಿ `mmsys.cpl` ಎಂದು ಟೈಪ್ ಮಾಡಿ ತೆರೆಯಿರಿ. `Recording` ಪುಟದಲ್ಲಿ ನಿಮ್ಮ ಮೈಕ್ ಆರಿಸಿ, `Properties` ಒತ್ತಿ, `Advanced` ಒಳಗೆ `Allow applications to take exclusive control of this device` ಎಂಬುದರ ಮುಂದಿನ ಗುರುತನ್ನು ತೆಗೆಯಿರಿ. ಮುದ್ರಣದ ಕೆಲಸಕ್ಕೆ ಬೇಕಾದಾಗ ಮತ್ತೆ ಹಾಕಿಕೊಳ್ಳಬಹುದು.

ಆಪ್ ತಯಾರಿಸುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ತನಗೆ ಸಿಗುತ್ತಿರುವುದು ಸಿಸ್ಟಂ ಕೊಟ್ಟ ಮೌನವೇ ಎಂದು ತಿಳಿಯುವ ದಾರಿಯನ್ನು ಆಂಡ್ರಾಯ್ಡ್ 10 ಆಪ್‌ಗಳಿಗೆ ಅಂದೇ ಕೊಟ್ಟಿದೆ. ಅದರ ಹೆಸರು `isClientSilenced()`. ಸ್ಥಿತಿ ಬದಲಾದ ಕೂಡಲೇ ಸುದ್ದಿ ಮುಟ್ಟಿಸುವ ಏರ್ಪಾಡೂ ಇದೆ. ಅಂದರೆ "ನಿಮ್ಮ ಮೈಕ್ ಈಗ ಬೇರೆ ಆಪ್‌ನಲ್ಲಿದೆ" ಎಂಬ ಒಂದು ಸಾಲನ್ನು ಪರದೆಯ ಮೇಲೆ ತೋರಿಸುವುದಕ್ಕೆ ಬೇಕಾದ ಮಾಹಿತಿ ಆಪ್‌ನ ಕೈಗೆಟುಕುವಲ್ಲಿದೆ. ಆ ಸಾಲನ್ನು ಕನ್ನಡದಲ್ಲೂ ತೋರಿಸಬೇಕು. ಮಗನ ಕಾಲ್‌ಗಾಗಿ ಕಾದು ಕೂತ ಅಜ್ಜಿಗೆ ಹಸಿರು ಚುಕ್ಕಿಯ ಅರ್ಥ ಗೊತ್ತಿರಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ.