ಹಾಡು ಬರುತ್ತದೆ, ವಾಕ್ಯ ಬರುವುದಿಲ್ಲ

ನಮ್ಮ ಭಾಗದ ಗಾಯನ ಸ್ಪರ್ಧೆಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ನೋಟವೊಂದಿದೆ. ಮಗು ವೇದಿಕೆಗೆ ಬಂದು ಕನ್ನಡ ಚಿತ್ರಗೀತೆಯೊಂದನ್ನು ಎಲ್ಲಿಯೂ ತಡವರಿಸದೆ ಹಾಡುತ್ತದೆ. ಕೈಯಲ್ಲಿರುವ ಚೀಟಿಯಲ್ಲಿ ಆ ಗೀತೆ ತೆಲುಗು ಲಿಪಿಯಲ್ಲಿದೆ. ಕೆಳಗಿಳಿದ ಮೇಲೆ, ಈ ಚರಣದಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದು ಕೇಳಿದರೆ ಉತ್ತರ ತೆಲುಗಿನಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನಾವು ಚಪ್ಪಾಳೆ ತಟ್ಟಿ ಮನೆಗೆ ಮರಳುತ್ತೇವೆ.

1953ರಲ್ಲಿ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಇಂದು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಮನೆಮಾತನ್ನು ಮೀರಿದ ಕನ್ನಡ ಕಿವಿಗೆ ಬೀಳುವುದು ಹೆಚ್ಚಾಗಿ ಹಾಡಿನಿಂದಲೇ. ಆದುದರಿಂದ ಹಾಡನ್ನು ದೂರ ಮಾಡಿರೆಂದು ನಾವು ಹೇಳುವುದಿಲ್ಲ. ಹಾಡಿಸಿ ಅಲ್ಲಿಗೇ ಕೈತೊಳೆದುಕೊಳ್ಳುವುದಕ್ಕೆ ನಮ್ಮ ವಿರೋಧವಿದೆ.

ಚಿತ್ರಗೀತೆ ಭಾಷೆಯನ್ನು ಕೆಡಿಸುತ್ತದೆ, ದೇವರನಾಮವನ್ನೇ ಕಲಿಸಿ ಎನ್ನುವ ಹಿರಿಯರಿದ್ದಾರೆ. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ನಮ್ಮ ಆಲೂರು ಸೀಮೆಯದೇ. ದಾಸರ ಪದ ನಮಗೆ ಹೊರಗಿನದಲ್ಲ. ಆದರೆ ದಾಸರ ಪದಗಳಲ್ಲಿ ‘ನನ್ನ’ ಎಂಬಲ್ಲಿ ‘ಎನ್ನ’, ‘ಹೇಳು’ ಎಂಬಲ್ಲಿ ‘ಪೇಳು’ ಬರುತ್ತವೆ. ಅದನ್ನು ನಂಬಿ ಮಗು ‘ಎನ್ನ ಶಾಲೆ’ ಎಂದು ಬರೆದರೆ ಅದೂ ತೊಡಕೇ. ಹಾಡು ಯಾವುದೇ ಇರಲಿ, ತಾಳಕ್ಕೂ ಪ್ರಾಸಕ್ಕೂ ವಾಕ್ಯವನ್ನು ಬಗ್ಗಿಸುತ್ತದೆ.

ಹೇಗೆ ಬಗ್ಗಿಸುತ್ತದೆ ಎಂಬುದನ್ನು ತೋರಿಸಲು ಚಿತ್ರಗೀತೆಯ ಧಾಟಿಯಲ್ಲಿ ನಾವೇ ಒಂದು ಸಾಲು ಕಟ್ಟಿದ್ದೇವೆ: ‘ಬಿಟ್ಟೋದೆ ಯಾಕೆ ಊರ ನೀನು, ಕೇಳಾಕಿಲ್ವಾ ಮಾತ ನಂದು’. ಗದ್ಯದಲ್ಲಿ ಇದು ‘ನೀನು ಊರನ್ನು ಏಕೆ ಬಿಟ್ಟುಹೋದೆ? ನನ್ನ ಮಾತನ್ನು ಕೇಳುವುದಿಲ್ಲವೇ?’ ಎಂದಾಗುತ್ತದೆ. ಈ ಸಾಲಿನಲ್ಲಿರುವುದೆಲ್ಲವೂ ತಪ್ಪೆಂದು ಕೆಂಪು ಗೆರೆ ಎಳೆಯುವ ಮೇಷ್ಟರು ಮಗುವಿಗೆ ಅನ್ಯಾಯ ಮಾಡುತ್ತಾರೆ. ‘ಬಿಟ್ಟೋದೆ’ ಎಂಬುದು ಆಡುಮಾತಿನ ಬೆಸುಗೆ. ಹಕಾರ ಅದರಲ್ಲಿ ಕರಗಿದೆ. ‘ಕೇಳಾಕಿಲ್ವಾ’ ಹಳೆ ಮೈಸೂರಿನ ಹಳ್ಳಿಗಳ ಕನ್ನಡ. ನಮ್ಮ ಕಡೆ ‘ಕೇಳಂಗಿಲ್ಲೇನು’ ಎಂಬಂತೆಯೇ ಅದೂ ಒಂದು ಸೀಮೆಯ ನುಡಿ. ಅದನ್ನು ಕೆಟ್ಟ ಕನ್ನಡ ಎಂದರೆ ನಮ್ಮ ಅಜ್ಜಿಯರ ಮಾತೂ ಕೆಟ್ಟದ್ದಾಗಬೇಕಾಗುತ್ತದೆ. ‘ಊರ’ ಎಂದು ವಿಭಕ್ತಿಯನ್ನು ಮೊಟಕು ಮಾಡುವುದು ಕಾವ್ಯದಲ್ಲಿ ಬಹುಕಾಲದಿಂದ ಸಲ್ಲುತ್ತ ಬಂದಿದೆ.

ನಿಜವಾಗಿ ಮುರಿದಿರುವುದು ‘ಮಾತ ನಂದು’ ಎಂಬಲ್ಲಿ ಮಾತ್ರ. ‘ಈ ಮಾತು ನಂದು’ ಎಂದರೆ ವಾಕ್ಯ ನಿಲ್ಲುತ್ತದೆ. ‘ನನ್ನ ಮಾತನ್ನು’ ಎನ್ನಬೇಕಾದಲ್ಲಿ ‘ನಂದು’ ನಿಲ್ಲದು. ತೆಲುಗು ಬಲ್ಲ ನಮ್ಮ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ: ‘ನಾ ಮಾಟ’ ಎನ್ನುವ ಕಡೆ ‘ನಾದಿ ಮಾಟ’ ಎಂದರೆ ಅವರೇ ನಕ್ಕುಬಿಡುತ್ತಾರೆ. ಆದರೆ ತೆಲುಗು ಎಲ್ಲೆಡೆಯೂ ನೆರವಾಗದು. ಅಲ್ಲಿ ಹೆಣ್ಣಿಗೂ ಹಸುವಿಗೂ ‘ವಚ್ಚಿಂದಿ’ ಎಂಬುದೊಂದೇ ರೂಪ. ನಮ್ಮಲ್ಲಿ ‘ಬಂದಳು’ ಬೇರೆ, ‘ಬಂದಿತು’ ಬೇರೆ. ‘ಅಕ್ಕ ಬಂದಿತು’ ಎಂದು ಬರೆಯುವ ಮಗುವಿಗೆ ‘ಬಂದಳು’, ‘ನಕ್ಕಳು’, ‘ಹೋದಳು’ ಎಂಬ ಕ್ರಿಯಾಪದಗಳು ಸಾಲುಸಾಲಾಗಿ ಬರುವ ಹಾಡು ವ್ಯಾಕರಣದ ಪುಸ್ತಕಕ್ಕಿಂತ ಬೇಗ ಕಲಿಸುತ್ತದೆ. ಹಾಡಿನ ಬಲವಿರುವುದು ಇಂಥ ಕಡೆ.

ಕಿವಿಯ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ರಾಗ ಹ್ರಸ್ವವನ್ನು ಎಳೆಯುತ್ತದೆ. ‘ಬಳೆ’ಯ ಮೊದಲಕ್ಷರಕ್ಕೆ ಎರಡು ಮಾತ್ರೆ ಬಿದ್ದರೆ ಕೇಳಿ ಬರೆಯುವ ಮಗು ‘ಬಾಳೆ’ ಎಂದು ಬರೆಯುತ್ತದೆ; ಅದರಲ್ಲಿ ಅದರ ದೋಷವಿಲ್ಲ. ರಾಗ ತೆಗೆದು ಆ ಸಾಲನ್ನು ಮಾತಿನಂತೆ ಆಡಿಸಿದರೆ, ಕೈಗೆ ತೊಡುವುದೋ ತಿನ್ನುವುದೋ ಎಂಬುದು ಅರ್ಥದಿಂದಲೇ ಹೊಳೆಯುತ್ತದೆ.

ಇದಕ್ಕೆ ಹೊಸ ವಿಧಾನ ಬೇಕಿಲ್ಲ. ಹಳೆಯ ಪಂಡಿತರು ಪದ್ಯವನ್ನು ಕೈಗೆತ್ತಿಕೊಂಡರೆ ಮೊದಲು ಪದ ಬಿಡಿಸಿ, ಅನ್ವಯ ಹೇಳಿಸಿ, ಬಳಿಕ ಅರ್ಥಕ್ಕೆ ಬರುತ್ತಿದ್ದರು. ವಾರಕ್ಕೆ ಒಂದೇ ಚರಣ ಸಾಕು. ಸಾಹಿತ್ಯದ ಚೀಟಿ ಕೊಡದೆ ಮೂರು ಸಲ ಕೇಳಿಸಿ, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿಯೇ ಬರೆಸಿ, ಆಮೇಲೆ ಮೂಲದೊಡನೆ ಹೋಲಿಸಬೇಕು. ಬಳಿಕ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಅವುಗಳ ಸ್ಥಾನದಲ್ಲಿಟ್ಟು ಗದ್ಯವಾಗಿಸಬೇಕು. ಕೊನೆಗೆ ಹೊಸದಾಗಿ ಸಿಕ್ಕ ಎರಡು ಪದಗಳಿಂದ ಮಗು ತನ್ನ ಮನೆಯ ಕುರಿತು ಎರಡು ವಾಕ್ಯ ಬರೆಯಲಿ. ಗದ್ಯಕ್ಕೆ ಇಳಿಯದ ಸಾಲು ಸಿಕ್ಕರೆ, ಆ ದೋಷ ಕವಿಯದೇ ಎಂದು ಮಗುವಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಅಂಥ ಸಾಲುಗಳನ್ನು ಹಿಡಿದುಕೊಡುವುದರಲ್ಲಿ ಮಕ್ಕಳಿಗೆ ಇರುವ ಹುರುಪು ದೊಡ್ಡವರಿಗೆ ಇಲ್ಲ!

ಮುಂದಿನ ಸ್ಪರ್ಧೆಯಿಂದ ಅರ್ಧ ಅಂಕ ಗಾಯನಕ್ಕಿರಲಿ, ಅರ್ಧ ಅಂಕ ಹಾಡಿದ ಚರಣವನ್ನು ಗದ್ಯದಲ್ಲಿ ಹೇಳುವುದಕ್ಕಿರಲಿ ಎಂದು ನಾವು ಕೇಳುತ್ತೇವೆ. ಸ್ಪರ್ಧಿಗಳು ಕಡಿಮೆಯಾಗುತ್ತಾರೆ ಎಂಬ ಆಕ್ಷೇಪ ಈಗಲೇ ಕೇಳಿಬಂದಿದೆ. ಮೊದಲ ವರ್ಷ ಕಡಿಮೆಯಾಗಲಿ. ಚೀಟಿ ಮಾತ್ರ ಕನ್ನಡ ಲಿಪಿಯಲ್ಲಿರಲಿ.